ಬ್ಯಾಂಕ್ ಹೇಳುವ ಬಡ್ಡಿ ಎಷ್ಟು, ವರ್ಷಕ್ಕೆ ಸಿಗುವ ಬಡ್ಡಿ ಎಷ್ಟು?

ಶಿರಸಿಯ ನಮ್ಮ ಮಾವ ಚಾಲಿ ಅಡಿಕೆ ಮಾರಿ ಬಂದ ಹಣದಲ್ಲಿ 5 ಲಕ್ಷ ರೂಪಾಯಿಯನ್ನು ಐದು ವರ್ಷ ಠೇವಣಿ ಇಡಬೇಕು ಅಂತ ಹೊರಟಿದ್ದರು. ಪೇಟೆಯ ಒಂದು ಬ್ಯಾಂಕಿನಿಂದ ತಂದ ಚೀಟಿಯಲ್ಲಿ ಎರಡು ಅಂಕಿ ಇತ್ತು. ಒಂದು ಕಡೆ ‘ಬಡ್ಡಿ ದರ 7.00%’. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ವಾರ್ಷಿಕ ಇಳುವರಿ 8.30%’.

‘ತಮಾ, ಬಡ್ಡಿ ಏಳು ಅಂತಾರೆ, ಇಳುವರಿ ಎಂಟು ಮೂವತ್ತು ಅಂತಾರೆ. ಎಂತದು ಇದು? ನಮಗೆ ಸಿಗೋದು ಯಾವುದು?’ ಅಂತ ಕೇಳಿದರು.

ಸಿಗುವುದು ಏಳೂ ಅಲ್ಲ, ಎಂಟು ಮೂವತ್ತೂ ಅಲ್ಲ. ಅದು 7.19. ಈ ಮೂರನೆಯ ಅಂಕಿ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕು. ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಮೊದಲ ಹೆಜ್ಜೆ: ಮೂರು ತಿಂಗಳಿಗೊಮ್ಮೆ ಏನಾಗುತ್ತದೆ ನೋಡಿ

ಬ್ಯಾಂಕ್ ಹೇಳುವ 7% ಘೋಷಿತ ದರ. ನಾಮಿನಲ್ ದರ ಅನ್ನುವುದು ಇದಕ್ಕೇ. ಬಡ್ಡಿಯನ್ನು ನಡುವೆ ತೆಗೆಯದೆ ಬಿಡುವ ಠೇವಣಿಗೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಹಾಕಿ ಅಸಲಿಗೆ ಸೇರಿಸುತ್ತವೆ. ವರ್ಷಕ್ಕೆ ನಾಲ್ಕು ಸಲ. ಆದ್ದರಿಂದ ಏಳನ್ನು ನಾಲ್ಕರಿಂದ ಭಾಗಿಸಬೇಕು. ಒಂದು ಕಂತಿಗೆ 1.75% ಬರುತ್ತದೆ.

ಮಾವನ 5 ಲಕ್ಷಕ್ಕೆ ಮೊದಲ ಮೂರು ತಿಂಗಳ ಬಡ್ಡಿ 8,750 ರೂಪಾಯಿ. ಅದು ಅಸಲಿಗೆ ಸೇರಿ 5,08,750 ಆಯಿತು. ಎರಡನೇ ಕಂತಿನ 1.75% ಈ ಹೊಸ ಮೊತ್ತದ ಮೇಲೆ, ಅಂದರೆ 8,903 ರೂಪಾಯಿ. ಮೂರನೆಯದು 9,059. ನಾಲ್ಕನೆಯದು 9,217. ವರ್ಷದ ಕೊನೆಗೆ ಮೊತ್ತ 5,35,930 ರೂಪಾಯಿ ಆಗಿರುತ್ತದೆ.

ಒಟ್ಟು ಬಡ್ಡಿ 35,930. ಸುಮ್ನೆ ಏಳು ಪರ್ಸೆಂಟ್ ಲೆಕ್ಕ ಹಾಕಿದ್ದರೆ 35,000 ಆಗುತ್ತಿತ್ತು. ಮೇಲಿನ 930 ರೂಪಾಯಿ ಬಡ್ಡಿಯ ಮೇಲೆ ಬಿದ್ದ ಬಡ್ಡಿ. ಈಗ 35,930ನ್ನು 5 ಲಕ್ಷದಿಂದ ಭಾಗಿಸಿ ನೂರರಿಂದ ಗುಣಿಸಿ. 7.186 ಬರುತ್ತದೆ, ಅಂದರೆ ಹತ್ತಿರ ಹತ್ತಿರ 7.19%. ಇದೇ ನಿಜವಾದ ವಾರ್ಷಿಕ ಇಳುವರಿ. ಜನವರಿಯಲ್ಲಿ ಇಟ್ಟ ನೂರು ರೂಪಾಯಿ ಮುಂದಿನ ಜನವರಿಗೆ ಎಷ್ಟಾಗಿದೆ ಅನ್ನುವುದನ್ನು ಹೇಳುವ ಅಂಕಿ ಇದು.

ಎರಡನೇ ಹೆಜ್ಜೆ: ಒಂದೇ ಸಾಲಿನಲ್ಲಿ ಲೆಕ್ಕ

ಪ್ರತಿ ಸಲ ನಾಲ್ಕು ಕಂತು ಬರೆಯುತ್ತ ಕೂರಬೇಕಾಗಿಲ್ಲ. 1.75% ಬಡ್ಡಿ ಸೇರುವುದು ಅಂದರೆ 1.0175ರಿಂದ ಗುಣಿಸುವುದು, ಅಷ್ಟೇ. ನಾಲ್ಕು ಸಲ ಗುಣಿಸಿ ಒಂದನ್ನು ಕಳೆದರೆ ಆಯಿತು.

```
(1 + 0.07/4)^4 - 1 = 0.07186
```

ಮೊಬೈಲಿನಲ್ಲಿ 1.0175 × 1.0175 × 1.0175 × 1.0175 ಅಂತ ಒತ್ತಿದರೂ ಸರಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಇನ್ನೂ ಸುಲಭ:

```
=EFFECT(0.07,4)
```

ಇಲ್ಲಿ 4 ಅಂದರೆ ವರ್ಷಕ್ಕೆ ಬಡ್ಡಿ ಸೇರುವ ಸಲ. ವರ್ಷಕ್ಕೊಮ್ಮೆ ಮಾತ್ರ ಸೇರಿದರೆ 4ರ ಜಾಗದಲ್ಲಿ 1 ಹಾಕಿ. ಆಗ ಘೋಷಿತ ದರವೂ ಇಳುವರಿಯೂ ಒಂದೇ.

ಕೆಲವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. 7%ರ ಇಡೀ ದರವನ್ನೇ ನಾಲ್ಕು ಸಲ ಗುಣಿಸುತ್ತಾರೆ. ಉತ್ತರ 31% ಬರುತ್ತದೆ. ಉತ್ತರ ಘೋಷಿತ ದರಕ್ಕಿಂತ ತುಸು ಮಾತ್ರ ಜಾಸ್ತಿ ಇರಬೇಕು. ಏಳಕ್ಕೆ 7.19, ಆರಕ್ಕೆ 6.14. ಅದಕ್ಕಿಂತ ದೂರ ಹೋದರೆ ಲೆಕ್ಕ ಎಲ್ಲೋ ಜಾರಿದೆ ಅಂತ ತಿಳಿಯಿರಿ.

ಮೂರನೇ ಹೆಜ್ಜೆ: ಆ 8.30 ಎಲ್ಲಿಂದ ಬಂತು?

ಮಾವನಿಗೆ ಬಿಡಿಸಿ ಹೇಳಲು ಜಾಸ್ತಿ ಹೊತ್ತು ಬೇಕಾಗಿದ್ದು ಇಲ್ಲೇ. ಬಹಳ ಜನ ಎಡವುವುದೂ ಇಲ್ಲೇ.

ಐದು ವರ್ಷ ಅಂದರೆ ಇಪ್ಪತ್ತು ಕಂತು. 5 ಲಕ್ಷವನ್ನು 1.0175ರಿಂದ ಇಪ್ಪತ್ತು ಸಲ ಗುಣಿಸಿದರೆ 7,07,389 ರೂಪಾಯಿ. ಒಟ್ಟು ಬಡ್ಡಿ 2,07,389. ಚೀಟಿ ಮಾಡಿದವರು ಈ ಒಟ್ಟು ಬಡ್ಡಿಯನ್ನು ಐದು ವರ್ಷಕ್ಕೆ ಸಮನಾಗಿ ಹಂಚಿದ್ದಾರೆ. ವರ್ಷಕ್ಕೆ 41,478 ಬರುತ್ತದೆ. ಅದು 5 ಲಕ್ಷದ 8.30%. ಅದನ್ನೇ ವಾರ್ಷಿಕ ಇಳುವರಿ ಅಂತ ಅಚ್ಚು ಹಾಕಿದ್ದಾರೆ.

ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಹೆಸರಿನಲ್ಲಿ. ಎರಡನೇ ವರ್ಷದ ಬಡ್ಡಿ ಬೆಳೆಯುವುದು 5 ಲಕ್ಷದ ಮೇಲಲ್ಲ, 5,35,930ರ ಮೇಲೆ. ಐದನೇ ವರ್ಷಕ್ಕೆ ಕಾಲಿಡುವಾಗ ಖಾತೆಯಲ್ಲಿ 6,59,965 ಇರುತ್ತದೆ. ಆ ವರ್ಷದ ಬಡ್ಡಿಯನ್ನೂ ಹಳೆಯ 5 ಲಕ್ಷಕ್ಕೆ ಹೋಲಿಸಿದರೆ ಅಂಕಿ ಉಬ್ಬಿಕೊಳ್ಳುತ್ತದೆ. ವರ್ಷ ಹೆಚ್ಚಾದಷ್ಟೂ ಉಬ್ಬುತ್ತ ಹೋಗುತ್ತದೆ. ಅದೇ 7%ಗೆ ಹತ್ತು ವರ್ಷದ ಠೇವಣಿ ಇಟ್ಟರೆ ಹೀಗೆ ಹಂಚಿದ ‘ಇಳುವರಿ’ 10% ದಾಟುತ್ತದೆ. ಬ್ಯಾಂಕ್ ಒಂದು ಪೈಸೆ ಜಾಸ್ತಿ ಕೊಟ್ಟಿರುವುದಿಲ್ಲ.

ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಚೀಟಿಯಲ್ಲಿರುವ ಇಳುವರಿ ನಿಜ ಅಂತಲೇ ಇಟ್ಟುಕೊಳ್ಳಿ. 5 ಲಕ್ಷವನ್ನು 1.083ರಿಂದ ಐದು ಸಲ ಗುಣಿಸಿ. 7,44,925 ಬರುತ್ತದೆ. ಬ್ಯಾಂಕ್ ಅವಧಿ ಮುಗಿದಾಗ ಕೊಡುತ್ತೇನೆ ಅಂದಿರುವುದು 7,07,389. ನಡುವೆ 37,536 ರೂಪಾಯಿ ವ್ಯತ್ಯಾಸ. ಹೀಗೆ ತಾಳೆ ಆಗದಿದ್ದರೆ ಆ ಅಂಕಿ ವಾರ್ಷಿಕ ಇಳುವರಿ ಅಲ್ಲ, ಸರಾಸರಿ ಮಾತ್ರ. 1.07186ರಿಂದ ಐದು ಸಲ ಗುಣಿಸಿ ನೋಡಿ, ಸರಿಯಾಗಿ ಬಂದು ಕೂರುತ್ತದೆ.

ಮಾವ ಪೆನ್ಸಿಲ್ ಹಿಡಿದು ಎರಡೂ ಮೊತ್ತ ಬರೆದು, ಒಂದರಿಂದ ಒಂದು ಕಳೆದು, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅವರಿಗೆ ಬೇಜಾರಾಗಿದ್ದು ನನಗೆ ಅರ್ಥವಾಯಿತು. ವರ್ಷವಿಡೀ ತೋಟದಲ್ಲಿ ದುಡಿದ ಹಣದ ಮುಂದೆ ಇಂಥ ಅಂಕಿ ಇಡಬಾರದು ಅಂತ ನನಗೂ ಅನ್ನಿಸುತ್ತದೆ.

ನಾಲ್ಕನೇ ಹೆಜ್ಜೆ: ಹೋಲಿಸುವಾಗ ಒಂದೇ ಅಳತೆಗೆ ತನ್ನಿ

ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರವೂ ಮಾವನ ಮನಸ್ಸಿನಲ್ಲಿತ್ತು. ಅದರ ಬಡ್ಡಿ 2023ರ ಏಪ್ರಿಲ್‌ನಲ್ಲಿ 7.7% ಆಗಿತ್ತು. ಮಾವ ಕೇಳಿದಾಗಲೂ ಅಷ್ಟೇ ಇತ್ತು. ‘ಅಲ್ಲಿ ಏಳು ಎಪ್ಪತ್ತು, ಇಲ್ಲಿ ಎಂಟು ಮೂವತ್ತು, ಬ್ಯಾಂಕೇ ಮೇಲು ಅಲ್ವಾ?’ ಅಂತ ಅವರು ಅಂದುಕೊಂಡಿದ್ದರು.

ಉಳಿತಾಯ ಪತ್ರಕ್ಕೆ ಬಡ್ಡಿ ಸೇರುವುದು ವರ್ಷಕ್ಕೊಮ್ಮೆ. ಆದ್ದರಿಂದ ಅದರ ಇಳುವರಿಯೂ 7.7 ತಾನೇ. ಅದನ್ನು ಹೋಲಿಸಬೇಕಾದ್ದು ಬ್ಯಾಂಕಿನ 7.19ಕ್ಕೆ. ಐದು ವರ್ಷಕ್ಕೆ ಅಲ್ಲಿ 10,000 ರೂಪಾಯಿ 14,490 ಆಗುತ್ತದೆ, ಬ್ಯಾಂಕಿನಲ್ಲಿ 14,148. ಅಂಕಿ ದೊಡ್ಡದಾಗಿದ್ದ ಕಡೆಯೇ ಹಣ ಕಡಿಮೆ ಬರುತ್ತಿತ್ತು.

ಇದರ ತಿರುಗುಮುರುಗೂ ಆಗುತ್ತದೆ. ಒಂದು ಕಡೆ ವರ್ಷಕ್ಕೊಮ್ಮೆ ಸೇರುವ 7.25%, ಇನ್ನೊಂದು ಕಡೆ ಮೂರು ತಿಂಗಳಿಗೊಮ್ಮೆ ಸೇರುವ 7.10% ಇದೆ ಅನ್ನಿ. 7.10ನ್ನು ನಾಲ್ಕರಿಂದ ಭಾಗಿಸಿದರೆ 1.775. ಅದರ ಇಳುವರಿ 7.29%. ಕಡಿಮೆ ಕಂಡ ದರವೇ ಇಲ್ಲಿ ಮುಂದೆ. 5 ಲಕ್ಷಕ್ಕೆ ವರ್ಷದಲ್ಲಿ ಇನ್ನೂರು ರೂಪಾಯಿಯಷ್ಟೇ ವ್ಯತ್ಯಾಸ. ಅಷ್ಟಕ್ಕೆ ಪರಿಚಯದ ಬ್ಯಾಂಕ್ ಬಿಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇಳುವರಿ ಯಾವಾಗ ಸಿಗುವುದಿಲ್ಲ?

ಬಡ್ಡಿಯನ್ನು ಠೇವಣಿಯಲ್ಲೇ ಬಿಟ್ಟರೆ ಮಾತ್ರ 7.19. ಮನೆ ಖರ್ಚಿಗೆ ಅಂತ ಮೂರು ತಿಂಗಳಿಗೊಮ್ಮೆ 8,750 ತೆಗೆದುಕೊಂಡರೆ ಬಡ್ಡಿಯ ಮೇಲೆ ಬಡ್ಡಿ ಬೀಳುವುದೇ ಇಲ್ಲ. ವರ್ಷಕ್ಕೆ ಸಿಗುವುದು ಸರಿಯಾಗಿ 35,000. ತಿಂಗಳು ತಿಂಗಳು ಬೇಕು ಅಂದರೆ ಇನ್ನೂ ಸ್ವಲ್ಪ ಕಡಿಮೆ. 35,000ವನ್ನು ಹನ್ನೆರಡರಿಂದ ಭಾಗಿಸಿದರೆ 2,917 ಬರಬೇಕು. ಬ್ಯಾಂಕ್ ಕೊಡುವುದು ಸುಮಾರು 2,900. ಮೂರು ತಿಂಗಳ ಕೊನೆಗೆ ಕೊಡಬೇಕಾದ್ದನ್ನು ಮೊದಲೇ ಕೊಡುತ್ತದೆ, ಅದಕ್ಕೆ ಅಷ್ಟು ಹಿಡಿದುಕೊಳ್ಳುತ್ತದೆ. ಪಾಸ್‌ಬುಕ್ ನೋಡಿ ಇದು ತಪ್ಪು ಅಂದುಕೊಳ್ಳಬೇಡಿ.

ಅವಧಿಗೆ ಮೊದಲೇ ಠೇವಣಿ ಮುರಿದರೂ ಈ ಲೆಕ್ಕ ನಡೆಯುವುದಿಲ್ಲ. ಹಣ ಎಷ್ಟು ದಿನ ಇತ್ತೋ ಆ ಅವಧಿಯ ದರ ಹಿಡಿದು, ಹೆಚ್ಚಿನ ಬ್ಯಾಂಕುಗಳು ಅದರಲ್ಲೂ ಸ್ವಲ್ಪ ದಂಡ ಕಳೆಯುತ್ತವೆ. ಟಿಡಿಎಸ್ ಕಡಿತವಾದರೂ ಅಷ್ಟೇ. ಕಡಿತದ ಹಣ ಠೇವಣಿಯಿಂದಲೇ ಹೋದರೆ ಮುಂದಿನ ಕಂತಿನ ಬಡ್ಡಿ ಸಣ್ಣದಾಗುತ್ತದೆ. ಕೊನೆಗೆ ಸಿಗುವ ಮೊತ್ತ ರಸೀದಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ಬರುತ್ತದೆ.

ಮಾವ ಕೊನೆಗೆ ಹಣವನ್ನು ಎರಡು ಪಾಲು ಮಾಡಿದರು. 3 ಲಕ್ಷ ಉಳಿತಾಯ ಪತ್ರಕ್ಕೆ ಹೋಯಿತು. ಅದನ್ನು ಐದು ವರ್ಷ ಸುಲಭದಲ್ಲಿ ಮುರಿಯಲು ಬರುವುದಿಲ್ಲ. ಮಳೆಗಾಲದ ಮುಂಚೆ ಕೊಳೆರೋಗದ ಔಷಧಿ ಹೊಡೆಸಬೇಕು, ಮೈಲುತುತ್ತ, ಸುಣ್ಣ, ಕೊನೆಗೌಡರ ಕೂಲಿ ಎಲ್ಲ ಬರುತ್ತದೆ. ಅದಕ್ಕೇ ಉಳಿದ 2 ಲಕ್ಷವನ್ನು ಬ್ಯಾಂಕಿನಲ್ಲಿ ಒಂದು ವರ್ಷಕ್ಕೆ 6.75%ಗೆ ಇಟ್ಟರು. ರಸೀದಿ ಬಂದ ದಿನ ಫೋನ್ ಮಾಡಿದ್ದರು. ಮೊದಲ ಕಂತು 3,375 ಅಂತ ಹಿಡಿದು, ನಾಲ್ಕೂ ಕಂತು ಕೂಡಿಸಿ, 2,13,846 ತಾವೇ ತೆಗೆದಿದ್ದರು. ರಸೀದಿಯಲ್ಲೂ ಅಷ್ಟೇ ಇತ್ತು.