ಸಾಹೇಬರ ಖಾರದ ಮೇಲ್ ಅನ್ನು ಕನ್ನಡಕ್ಕೆ ತರುವಾಗ ನಾನು ಮಾಡುವುದು

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನಾನು ಆಫೀಸ್ ಕೆಲಸ ನೋಡಿಕೊಳ್ಳುತ್ತೇನೆ. ಪ್ಲಾಂಟ್ ಹೆಡ್‌ಗೆ ಕನ್ನಡ ಬರುವುದಿಲ್ಲ. ಅವರು ಇಂಗ್ಲಿಷ್‌ನಲ್ಲಿ ಬರೆದಿದ್ದನ್ನು ನಾನು ಕನ್ನಡ ಮಾಡಿ ಆಪರೇಟರ್‌ಗಳ ವಾಟ್ಸಾಪ್ ಗ್ರೂಪ್‌ಗೆ ಹಾಕಬೇಕು, ನೋಟಿಸ್ ಬೋರ್ಡಿಗೂ ಅಂಟಿಸಬೇಕು.

ಬೋರ್ ಅಂದರೆ ಪೀಸಿನ ಒಳಗಿನ ತೂತು, ಪ್ಲಗ್ ಗೇಜ್ ಅಂದರೆ ಆ ತೂತಿಗೆ ಹಾಕಿ ಅಳತೆ ನೋಡುವ ಸಾಧನ; ಅದರ ನೋ-ಗೋ ಕಡೆ ಒಳಗೆ ಹೋದರೆ ತೂತು ದೊಡ್ಡದಾಗಿದೆ ಅಂತ. ಈಚೆಗೆ ಬಂದ ಒಂದು ಮೇಲ್ ಹೀಗಿತ್ತು. ಮೊದಲ ಶಿಫ್ಟಿನಲ್ಲಿ 32 ಪೀಸ್ ಬೋರ್ ರಿಜೆಕ್ಷನ್, ನಾಚಿಕೆಗೇಡು. ಯಾರಾದರೂ ಗೇಜ್ ಮುಟ್ಟುತ್ತೀರಾ? ನಾಳೆಯಿಂದ ಮೊದಲ ಪೀಸ್ ಮತ್ತು ಪ್ರತಿ 20ನೇ ಪೀಸ್ ಪ್ಲಗ್ ಗೇಜ್‌ನಲ್ಲಿ ಚೆಕ್ ಮಾಡಿ ಶೀಟಿನಲ್ಲಿ ಬರೆಯಬೇಕು. 'ನೋ ಲಾಗ್, ನೋ ಪ್ರೊಡಕ್ಷನ್.' ನೆಪ ಹೇಳಬೇಡಿ. ತಪ್ಪಿಸಿದವರ ಮೇಲೆ ಆ್ಯಕ್ಷನ್.

ಇಂಥದ್ದು ಬಂದಾಗ ನಾನು ಮೊದಲು ಮಾತನ್ನು ಮೆತ್ತಗೆ ಮಾಡಲು ಹೋಗುವುದಿಲ್ಲ, ಇದರಲ್ಲಿ ನಿಜವಾಗಿ ಏನು ಆರ್ಡರ್ ಇದೆ ಅಂತ ಹುಡುಕುತ್ತೇನೆ. ಸಿಟ್ಟಿನಲ್ಲಿ ಬರೆದ ವಾಕ್ಯ ಖಚಿತವಾಗಿದೆ ಅನ್ನಿಸುತ್ತೆ, ಆದರೆ ಎಷ್ಟೋ ಸಲ ಅದೇ ಅರೆಬರೆ ಇರುತ್ತದೆ. 'ನೋ ಲಾಗ್, ನೋ ಪ್ರೊಡಕ್ಷನ್' ಅಂದರೆ ಮಷಿನ್ ನಿಲ್ಲಿಸಬೇಕಾ, ಇಲ್ಲ ಶೀಟ್ ಬರೆಯದ ಪೀಸ್‌ಗಳನ್ನು ಇನ್ಸೆಂಟಿವ್ ಲೆಕ್ಕಕ್ಕೆ ಹಿಡಿಯುವುದಿಲ್ಲವಾ? ಎರಡನೆಯದು ಅಂತ ಶಾಪ್‌ನಲ್ಲಿ ಯಾರಾದರೂ ಓದಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಜಗಳ ಗ್ಯಾರಂಟಿ. ಸಾಹೇಬರಿಗೇ ಫೋನ್ ಮಾಡಿ ಕೇಳಿದೆ. ಮಷಿನ್ ನಿಲ್ಲಿಸಿ ಸೂಪರ್‌ವೈಸರ್‌ನ ಕರೀಬೇಕು, ಅಷ್ಟೇ, ದುಡ್ಡಿನ ಮಾತಿಲ್ಲ ಅಂದರು. ಆ್ಯಕ್ಷನ್ ಅಂದರೆ ಮೊದಲ ಸಲ ಸೂಪರ್‌ವೈಸರ್ ಕರೆದು ಹೇಳುವುದು, ಮತ್ತೆ ತಪ್ಪಿಸಿದರೆ ಮೆಮೊ. ಇಷ್ಟು ಗೊತ್ತಾದ ಮೇಲೆ ಅರ್ಧ ಖಾರ ತಾನೇ ಇಳಿಯಿತು.

ಆಮೇಲೆ ಕಾರಣ. ಸೂಪರ್‌ವೈಸರ್ ಹೇಳಿದ್ದು ಇದು: ಟೂಲಿನ ಕತ್ತರಿಸುವ ತುದಿ, ಅಂದರೆ ಹಳೆ ಇನ್ಸರ್ಟ್, ಸವೆದು ಬೋರ್ ಸಣ್ಣ ಬರ್ತಿತ್ತು, ಅದನ್ನು ಸರಿದೂಗಿಸಲು ಮಷಿನ್‌ನಲ್ಲಿ ಅಳತೆ ತಿದ್ದಿ ಆಫ್‌ಸೆಟ್ ಕೊಟ್ಟಿದ್ದರು, ಹೊಸ ಇನ್ಸರ್ಟ್ ಹಾಕಿದಾಗ ಆ ಆಫ್‌ಸೆಟ್ ಹಾಗೇ ಉಳಿದು ಬೋರ್ ದೊಡ್ಡದಾಯಿತು. ಸಣ್ಣ ಬೋರ್ ಆದರೆ ಮತ್ತೆ ಓಡಿಸಬಹುದು, ದೊಡ್ಡದಾದರೆ ಸ್ಕ್ರ್ಯಾಪ್ ತೊಟ್ಟಿಗೇ. ಇದನ್ನು ಮೊದಲ ಸಾಲಿಗೆ ತಂದೆ. ಕಾರಣ ಮುಂದೆ ಇದ್ದರೆ ಬೈಗುಳ ಬೇಕಾಗುವುದೇ ಇಲ್ಲ.

ವಾಕ್ಯ ಕಟ್ಟುವಾಗ ನನ್ನದೊಂದು ರೂಢಿ ಇದೆ. ಆಗಿಹೋದದ್ದಕ್ಕೆ 'ಆಗಿದೆ', ಮುಂದೆ ಮಾಡಬೇಕಾದ್ದಕ್ಕೆ ಮಾಡುವವರ ಹೆಸರು. '32 ಪೀಸ್ ಹಾಳು ಮಾಡಿದ್ದೀರಿ' ಅಂದರೆ ಆ ಶಿಫ್ಟಿನಲ್ಲಿ ಇಲ್ಲದವರಿಗೂ ಉರಿಯುತ್ತದೆ, 'ರಿಜೆಕ್ಟ್ ಆಗಿವೆ' ಸಾಕು. ಆದರೆ 'ಶೀಟಿನಲ್ಲಿ ಎಂಟ್ರಿ ಆಗಬೇಕು' ಅಂತ ಬರೆದರೆ ಯಾರೂ ಬರೆಯುವುದಿಲ್ಲ, ಇದು ಖಂಡಿತ. ಅಲ್ಲಿ 'ಮಷಿನ್ ಮೇಲಿರುವ ಆಪರೇಟರ್ ಬರೆಯಬೇಕು' ಅಂತಲೇ ಇರಬೇಕು. ಇನ್ನು ಕೆಲವರು ಸಾಲಿಗೊಂದು 'ದಯವಿಟ್ಟು', 'ಸಾಧ್ಯವಾದಷ್ಟು' ಹಾಕುತ್ತಾರೆ. ಅದು ಮೆತ್ತಗೆ ಮಾಡೋದಲ್ಲ, ಆರ್ಡರನ್ನೇ ಕೋರಿಕೆ ಮಾಡೋದು. 20 ಅಂದರೆ 20, ನಾಳೆ ಅಂದರೆ ನಾಳೆ, ಮೆಮೊ ಇದ್ದರೆ ಮೆಮೊ. ಅವಕ್ಕೆ ನಾನು ಕೈ ಹಾಕುವುದಿಲ್ಲ.

ಕೊನೆಗೆ ಹೋದದ್ದು ಇದು:

"ಮೊದಲ ಶಿಫ್ಟಿನಲ್ಲಿ ಇನ್ಸರ್ಟ್ ಬದಲಿಸಿದ ಮೇಲೆ ಬೋರ್ ದೊಡ್ಡದಾಗಿ 32 ಪೀಸ್ ರಿಜೆಕ್ಟ್ ಆಗಿವೆ. ಸಾಹೇಬರಿಗೆ ಇದರಿಂದ ತುಂಬಾ ಬೇಸರವಾಗಿದೆ. ನಾಳೆಯಿಂದ ಮೊದಲ ಪೀಸ್, ಪ್ರತಿ 20ನೇ ಪೀಸ್, ಮತ್ತು ಇನ್ಸರ್ಟ್ ಬದಲಿಸಿದ ನಂತರದ ಪೀಸನ್ನು ಆಪರೇಟರ್ ಪ್ಲಗ್ ಗೇಜ್‌ನಲ್ಲಿ ನೋಡಿ ಶೀಟಿನಲ್ಲಿ ಬರೆಯಬೇಕು. ನೋ-ಗೋ ಕಡೆ ಒಳಗೆ ಹೋದರೆ ಅಥವಾ ಶೀಟ್ ಬರೆಯಲು ಆಗದಿದ್ದರೆ ಮಷಿನ್ ನಿಲ್ಲಿಸಿ ಸೂಪರ್‌ವೈಸರನ್ನು ಕರೆಯಿರಿ. ಗೇಜ್ ಸವೆದಿದ್ದರೆ ಕೆಲಸ ಶುರು ಮಾಡುವ ಮೊದಲೇ ತಿಳಿಸಿ. ಚೆಕ್ ತಪ್ಪಿಸಿದರೆ ಮೊದಲು ಸೂಪರ್‌ವೈಸರ್ ಮಾತಾಡುತ್ತಾರೆ, ಮತ್ತೆ ಆದರೆ ಮೆಮೊ ಬರುತ್ತದೆ."

ಬೇಸರದ ಸಾಲು ಬೇಕಂತಲೇ ಇಟ್ಟಿದ್ದು. ಮರುದಿನ ಸಾಹೇಬರು ಗಂಟು ಮುಖ ಹಾಕಿಕೊಂಡು ಶಾಪ್‌ಗೆ ಬಂದೇ ಬರುತ್ತಾರೆ, ನೋಟಿಸ್ ಮಾತ್ರ ಜೇನಿನಂತಿದ್ದರೆ ನನ್ನ ಮಾತನ್ನು ಮುಂದೆ ಯಾರು ನಂಬುತ್ತಾರೆ? ಅಲ್ಲದೆ ಮೂಲ ಮೇಲ್ ಸೂಪರ್‌ವೈಸರ್‌ಗಳಿಗೂ ಹೋಗಿರುತ್ತದೆ, ಯಾರಾದರೂ ಫಾರ್ವರ್ಡ್ ಮಾಡಿದರೆ ಎರಡನ್ನೂ ಪಕ್ಕದಲ್ಲಿಟ್ಟು ಓದುತ್ತಾರೆ. ಇನ್ಸರ್ಟ್ ಸಾಲು ಮತ್ತು 'ನೆಪ ಬೇಡ' ಅನ್ನೋದರ ಬದಲು ಬಂದ ಗೇಜ್ ಸಾಲು ನಾನು ಸೇರಿಸಿದ್ದು. ಗೇಜ್ ಮಾತು ಹೊಳೆದಿದ್ದು ನಮ್ಮ ಹಿರಿಯ ಆಪರೇಟರ್‌ಗೆ ಮೊದಲು ಓದಿ ತೋರಿಸಿದಾಗ: "ಮೇಡಂ, ಗೇಜೇ ಸವೆದಿದ್ರೆ ನಾವೇನ್ ಮಾಡೋಣ? ಅದನ್ನ ಹೇಳಿದ್ರೆ ನೆಪ ಅಂತಾರೆ." ಹಾಗಾಗಿ ಹಾಕುವ ಮುಂಚೆ ಇಡೀ ಕನ್ನಡವನ್ನು ಸಾಹೇಬರಿಗೆ ಇಂಗ್ಲಿಷ್‌ನಲ್ಲಿ ವಾಪಸ್ ಹೇಳಿ, ಸೇರಿಸಿದ ಎರಡು ಸಾಲುಗಳಿಗೆ ಮೇಲ್‌ನಲ್ಲೇ 'ಓಕೆ' ತರಿಸಿಕೊಂಡೆ. ಬಾಯಿಮಾತಿನ ಒಪ್ಪಿಗೆ ಇಂಥದ್ದಕ್ಕೆ ಸಾಲದು.

ಒಬ್ಬರ ಹೆಸರಿಗೆ ಬರುವ ಮೆಮೊ, ಶೋಕಾಸ್ ನೋಟಿಸ್‌ಗಳಿಗೆ ಮಾತ್ರ ಇದ್ಯಾವುದನ್ನೂ ಮಾಡುವುದಿಲ್ಲ. ಅವನ್ನು ಇದ್ದದ್ದು ಇದ್ದಂತೆ ಕನ್ನಡ ಮಾಡಿ, ಸಹಿ ಇರುವ ಇಂಗ್ಲಿಷ್ ಪ್ರತಿಯ ಜೊತೆಗೇ ಕೊಡುತ್ತೇನೆ.