ಹಳೇ ಫ್ರಿಜ್ ಮಾರುವ ಮುಂಚೆ ಗುಜರಿಯವರನ್ನೊಮ್ಮೆ ಕೇಳಿ

ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆ ಖಾಲಿ ಮಾಡುವಾಗ ನಮ್ಮಲ್ಲಿ ಮೂರು ಸಾಮಾನು ಉಳಿದವು. ಆರು ವರ್ಷ ಹಳೆಯ 190 ಲೀಟರ್ ಸಿಂಗಲ್ ಡೋರ್ ಫ್ರಿಜ್, ಒಂದು ಡಬಲ್ ಮಂಚ, ಅಮ್ಮನ ಕಾಲದ ಕಬ್ಬಿಣದ ಬೀರು. ಹೊಸ ಮನೆಯಲ್ಲಿ ಮೂರಕ್ಕೂ ಜಾಗ ಇರಲಿಲ್ಲ. ‘ಆನ್‌ಲೈನ್‌ನಲ್ಲಿ ಹಾಕು, ಎರಡು ದಿನಕ್ಕೆ ಹೋಗುತ್ತೆ’ ಅಂದರು ಎಲ್ಲರೂ. ಹೋಗಲು ಹದಿನೈದು ದಿನ ಬೇಕಾಯಿತು. ಅದರಲ್ಲಿ ಮೊದಲ ವಾರ ಹಾಳಾಗಿದ್ದು ನನ್ನದೇ ತಪ್ಪಿನಿಂದ. ಫ್ರಿಜ್ಜಿನ ಕತೆಯನ್ನೇ ಹಿಡಿದು ಹೇಳುತ್ತೇನೆ, ಬೇರೆ ಸಾಮಾನಿಗೂ ಹೆಚ್ಚುಕಡಿಮೆ ಇದೇ ದಾರಿ.

ಬೆಲೆ

ನಾನು 14,500 ಕೊಟ್ಟು ಕೊಂಡಿದ್ದೆ. ಹಾಗಾಗಿ 9,000 ಅಂತ ಹಾಕಿದೆ. ಒಂದು ವಾರ ಒಂದು ಫೋನೂ ಬರಲಿಲ್ಲ. ಕೊಳ್ಳುವವರಿಗೆ ನಾವು ಎಷ್ಟು ಕೊಟ್ಟಿದ್ದೆವು ಅನ್ನುವುದು ಬೇಕಿಲ್ಲ. ಇವತ್ತು ಅಂಗಡಿಗೆ ಹೋದರೆ ಅದೇ ಅಳತೆಯ ಹೊಸದು ಎಷ್ಟಕ್ಕೆ ಸಿಗುತ್ತೆ ಅನ್ನುವುದು ಬೇಕು. ನಾನು ವಿಚಾರಿಸಿದಾಗ ಅದು ಸುಮಾರು 16,000 ಇತ್ತು.

ಆಮೇಲೆ ಬೀದಿಯಲ್ಲಿ ಗಾಡಿ ತಳ್ಳಿಕೊಂಡು ಬರುವ ಗುಜರಿಯವರನ್ನು ನಿಲ್ಲಿಸಿ ಕೇಳಿದೆ. 1,200 ಅಂದರು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ 2,000 ಅಂದರು, ಅದೂ ಅಲ್ಲೇ ಹೊಸದು ಕೊಂಡರೆ ಮಾತ್ರ. ಅಲ್ಲಿಗೆ ತಳ ಎಲ್ಲಿದೆ ಅಂತ ಗೊತ್ತಾಯಿತು. 2,000ಕ್ಕಿಂತ ಕೆಳಗೆ ಕೇಳಿದವರ ಜೊತೆ ಮಾತು ಬೆಳೆಸಬೇಕಿಲ್ಲ. ಐದಾರು ವರ್ಷದ, ಚೆನ್ನಾಗಿ ಓಡುತ್ತಿರುವ ಫ್ರಿಜ್ಜಿಗೆ ಹೊಸದರ ಮೂರನೇ ಒಂದು ಭಾಗ ಬಂದರೆ ಒಳ್ಳೆ ವ್ಯಾಪಾರ ಅನ್ನುವುದು ನನ್ನ ಲೆಕ್ಕ. ಚೌಕಾಸಿಗೆ ಜಾಗ ಬಿಟ್ಟು 6,500 ಅಂತ ಬದಲಾಯಿಸಿದೆ. ಅವತ್ತು ಸಂಜೆಗೇ ನಾಲ್ಕು ಮೆಸೇಜ್ ಬಂತು.

ಒಂದು ಎಚ್ಚರಿಕೆ. ಬೇರೆಯವರು ಹಾಕಿರುವ ಬೆಲೆ ನೋಡಿ ನಿಮ್ಮದನ್ನು ಇಡಬೇಡಿ. ತಿಂಗಳಿಂದ ಹಾಗೇ ಕೂತಿರುವ ಜಾಹೀರಾತು ಅಂದರೆ ಆ ಬೆಲೆಗೆ ಯಾರೂ ಕೊಂಡಿಲ್ಲ ಅಂತ ಅರ್ಥ, ಅಲ್ವಾ?

ಇನ್ನು ಮಂಚ. ಪಾರ್ಟಿಕಲ್ ಬೋರ್ಡಿನ ಮಂಚವನ್ನು ಒಮ್ಮೆ ಬಿಚ್ಚಿ ಕಟ್ಟಿದರೆ ಸ್ಕ್ರೂ ಕೂರುವ ತೂತು ಸಡಿಲವಾಗುತ್ತೆ. ಕೊಳ್ಳುವವರಿಗೂ ಇದು ಗೊತ್ತು. ತೇಗದ ಮಂಚ ಎಷ್ಟೇ ಹಳೆಯದಾದರೂ ಕೇಳುವವರಿದ್ದಾರೆ, ಇದಕ್ಕೆ ಇಲ್ಲ. 18,000ದ ಮಂಚ 4,000ಕ್ಕೆ ಹೋದಾಗ ಹೊಟ್ಟೆ ಉರಿಯಿತು, ಆದರೂ ಕೊಟ್ಟೆ.

ಕಾಲವೂ ನೋಡಬೇಕು. ಬೇಸಿಗೆ ಶುರುವಾಗುವ ಮುಂಚೆ ಫ್ರಿಜ್ ಕೇಳುವವರು ಜಾಸ್ತಿ. ಆಷಾಢದಲ್ಲಿ ನಮ್ಮ ಕಡೆ ಮನೆ ಬದಲಾಯಿಸುವವರು ಕಡಿಮೆ, ಹಾಗಾಗಿ ಮಂಚ, ಬೀರು ಕೇಳುವವರೂ ಕಡಿಮೆ.

ಫೋಟೊ

ರಾತ್ರಿ ಟ್ಯೂಬ್‌ಲೈಟಲ್ಲಿ ತೆಗೆದ ನನ್ನ ಮೊದಲ ಫೋಟೊದಲ್ಲಿ ಬಿಳಿ ಫ್ರಿಜ್ ಹಳದಿಯಾಗಿ ಕಾಣುತ್ತಿತ್ತು. ಬೆಳಿಗ್ಗೆ ಕಿಟಕಿ ತೆಗೆದು, ಮೇಲಿದ್ದ ಕ್ಯಾಲೆಂಡರ್, ಔಷಧಿ ಡಬ್ಬಿ ಎಲ್ಲ ಇಳಿಸಿ ಮತ್ತೆ ತೆಗೆದೆ. ಬಾಗಿಲು ತೆರೆದು, ಒಳಗಿನ ಲೈಟ್ ಉರಿಯುತ್ತಿರುವಾಗ ಒಂದು. ಐಸ್ ಕಟ್ಟಿದ ಟ್ರೇಯದು ಒಂದು. ಸ್ಟಾರ್ ಲೇಬಲ್ ಮತ್ತು ಮಾಡೆಲ್ ನಂಬರ್ ಓದುವಷ್ಟು ಹತ್ತಿರದಿಂದ ಒಂದು. ಲೇಬಲ್ಲಿನ ಮೇಲಿರುವ ವರ್ಷವೂ ಕಾಣಬೇಕು. ಸ್ಟಾರ್ ಕೊಡುವ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ, ಅಂದಿನ ಐದು ಸ್ಟಾರ್ ಇವತ್ತಿನ ಐದು ಸ್ಟಾರ್ ಅಲ್ಲ. ಬಿಲ್ ಹಾಕುವುದಾದರೆ ಹೆಸರು, ವಿಳಾಸ, ಫೋನ್ ನಂಬರ್ ಮುಚ್ಚಿ.

ಕೆಳಗೆ ಎಡಗಡೆ ತುಕ್ಕು ಹಿಡಿದಿತ್ತು. ಅದನ್ನೂ ತೆಗೆದು ಹಾಕಿದೆ. ‘ಯಾಕೆ ತೋರಿಸ್ತೀಯ’ ಅಂದರು ಮನೆಯಲ್ಲಿ. ಬಚ್ಚಿಟ್ಟರೆ ಬಂದವರು ಬಾಗಿಲಲ್ಲೇ ನೋಡಿ ಸಾವಿರ ರೂಪಾಯಿ ಕಡಿಮೆ ಕೇಳುತ್ತಾರೆ. ಮುಂಚೆಯೇ ನೋಡಿ ಬಂದವರಿಗೆ ಆ ಮಾತು ಎತ್ತಲು ಆಗುವುದಿಲ್ಲ.

ಬಾಗಿಲಿನ ರಬ್ಬರನ್ನು ನೀವೇ ಮೊದಲು ಪರೀಕ್ಷೆ ಮಾಡಿ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ರಬ್ಬರ್ ಸೋತಿದೆ. ತಿಳಿದವರು ಬಂದರೆ ಇದನ್ನು ಮಾಡಿಯೇ ನೋಡುತ್ತಾರೆ.

ಜಾಹೀರಾತಿನಲ್ಲಿ ಮನೆ ನಂಬರ್ ಬೇಡ. ‘ಕುವೆಂಪುನಗರ ಕಾಂಪ್ಲೆಕ್ಸ್ ಹತ್ತಿರ, ಮೊದಲ ಮಹಡಿ, ಲಿಫ್ಟ್ ಇಲ್ಲ, ಗಾಡಿ ನಿಮ್ಮದೇ’ ಅಂತ ಬರೆದೆ. ಕೊನೆಯ ಮೂರು ಮಾತು ಬರೆಯದಿದ್ದರೆ ಗೂಡ್ಸ್ ಆಟೋ ಬಾಡಿಗೆ ಯಾರು ಕೊಡಬೇಕು ಅಂತ ಗೇಟಿನ ಹತ್ತಿರ ಜಗಳ ಆಗುತ್ತೆ.

ದುಡ್ಡು

ಮೊದಲು ಫೋನ್ ಮಾಡಿದವನು ಚೌಕಾಸಿಯೇ ಮಾಡಲಿಲ್ಲ. ಕೂಲಿಂಗ್ ಹೇಗಿದೆ ಅಂತಲೂ ಕೇಳಲಿಲ್ಲ. ತಾನು ಸೇನೆಯಲ್ಲಿದ್ದೇನೆ, ಮೈಸೂರಿಗೆ ವರ್ಗವಾಗಿದೆ, ಬಂದು ನೋಡಲು ಪುರುಸೊತ್ತಿಲ್ಲ, ದುಡ್ಡು ಈಗಲೇ ಕಳಿಸುತ್ತೇನೆ ಅಂದ. ವಾಟ್ಸ್ಆಪ್‌ಗೆ ಒಂದು ಗುರುತಿನ ಚೀಟಿ ಬಂತು. ಹಿಂದೆಯೇ ಒಂದು ಕ್ಯೂಆರ್ ಕೋಡ್. ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಅಕೌಂಟಿಗೆ 6,500 ಬರುತ್ತೆ.’

ಇಲ್ಲೇ ನಿಲ್ಲಬೇಕು. ಯುಪಿಐನಲ್ಲಿ ದುಡ್ಡು ಬರಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮದು. ಸೇನೆಯ ಹೆಸರು ಹೇಳಿ ಮಾಡುವ ಈ ಮೋಸ ವರ್ಷಗಳಿಂದ ನಡೆಯುತ್ತಿದೆ. ನೋಡದೆ, ಬೆಲೆ ಇಳಿಸದೆ ಹಳೇ ಫ್ರಿಜ್ ಕೊಳ್ಳುವವರು ಮೈಸೂರಲ್ಲಂತೂ ಇಲ್ಲ. ಫೋನ್ ಇಟ್ಟುಬಿಟ್ಟೆ.

ಇನ್ನೊಂದು ಬಗೆಯೂ ಇದೆ. ‘ಅಯ್ಯೋ, 2,000 ಅಡ್ವಾನ್ಸ್ ಕಳಿಸೋಕೆ ಹೋಗಿ 20,000 ಹೋಯ್ತು, ಮಿಕ್ಕಿದ್ದು ವಾಪಸ್ ಹಾಕಿ’ ಅಂತ ಗಾಬರಿಯ ದನಿ. ಜೊತೆಗೇ ಬ್ಯಾಂಕಿನದೇ ಅನ್ನುವ ಹಾಗೆ ಎಸ್ಸೆಮ್ಮೆಸ್. ಆದರೆ ಅದು ಬಂದಿರುವುದು ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ. ಎಸ್ಸೆಮ್ಮೆಸ್, ಸ್ಕ್ರೀನ್‌ಶಾಟ್, ಹಸಿರು ಟಿಕ್ ಯಾವುದನ್ನೂ ನಂಬಬೇಡಿ. ನಿಮ್ಮ ಬ್ಯಾಂಕಿನ ಆಪ್ ನೀವೇ ತೆರೆದು ಬ್ಯಾಲೆನ್ಸ್ ನೋಡಿ.

ಅಕಸ್ಮಾತ್ ದುಡ್ಡು ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. cybercrime.gov.in ನಲ್ಲೂ ದೂರು ಕೊಡಬಹುದು. ಬೇಗ ಹೇಳಿದಷ್ಟೂ ಹೋದ ದುಡ್ಡನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಸಾಗಿಸುವುದು

ಕೊನೆಗೆ ಕೊಂಡವರು ಬೋಗಾದಿ ಕಡೆಯ ಗಂಡ ಹೆಂಡತಿ. ಸಂಜೆ ಬಂದು ನೋಟು ಸಿಕ್ಕಿಸಿ ನೋಡಿದರು, ಫ್ರೀಜರಿನಲ್ಲಿ ಕೈ ಇಟ್ಟು ನೋಡಿದರು. ‘ಐದಕ್ಕೆ ಕೊಡಿ ಸಾರ್.’ ‘ಐದೂವರೆಗಿಂತ ಕಡಿಮೆ ಆಗಲ್ಲಮ್ಮ.’ ಐದೂವರೆಗೆ ಮುಗಿಯಿತು. 500 ಅಡ್ವಾನ್ಸ್ ಕೊಟ್ಟರು.

ಅವತ್ತೇ ಒಯ್ಯಲು ಕೊಡಲಿಲ್ಲ. ನೋಡಲು ಬರುವ ತನಕ ಫ್ರಿಜ್ ಓಡುತ್ತಿರಬೇಕು, ಸಾಗಿಸುವಾಗ ಐಸ್ ಕರಗಿ ಒಣಗಿರಬೇಕು. ಎರಡೂ ಒಂದೇ ದಿನ ಆಗುವುದಿಲ್ಲ. ರಾತ್ರಿ ಸ್ವಿಚ್ ತೆಗೆದು, ಬಾಗಿಲು ತೆರೆದು, ಕೆಳಗೆ ಹಳೇ ಟವೆಲ್ ಹಾಸಿದೆ. ಬೆಳಿಗ್ಗೆ ಒರೆಸಿ, ಒಳಗಿನ ಗಾಜಿನ ತಟ್ಟೆ ಬೇರೆ ಕಟ್ಟಿ, ಬಾಗಿಲಿಗೆ ಟೇಪ್ ಸುತ್ತಿದೆ.

ಗೂಡ್ಸ್ ಆಟೋ ಬಂದಾಗ ಫ್ರಿಜ್ ಮೊದಲ ಮಹಡಿಯಲ್ಲೇ ಇತ್ತು. ಉಳಿದ 5,000 ನನ್ನ ಅಕೌಂಟಿನಲ್ಲಿ ಕಂಡ ಮೇಲೆಯೇ ಕೆಳಗಿಳಿಸಿದ್ದು. ಗಾಡಿಗೆ ಹಗ್ಗ ಕಟ್ಟಿಯಾದ ಮೇಲೆ ‘ಸರ್ವರ್ ಡೌನ್, ಸಂಜೆ ಹಾಕ್ತೀನಿ’ ಅಂದರೆ ನಾವು ಏನು ಮಾಡಲು ಸಾಧ್ಯ? ಡ್ರೈವರ್ ಮಲಗಿಸಿ ಒಯ್ಯುತ್ತೇನೆ ಅಂದ, ಬೇಡ ಅಂದೆ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತೆ. ನಿಲ್ಲಿಸಿಯೇ ಕಟ್ಟಿಸಿ, ಮನೆಗೆ ಹೋಗಿ ಮೂರು ನಾಲ್ಕು ಗಂಟೆ ಬಿಟ್ಟು ಸ್ವಿಚ್ ಹಾಕಿ ಅಂತ ಹೇಳಿ ಕಳಿಸಿದೆ.

ಬೀರು ಕೊಂಡವರು ಮಾತ್ರ ಶುಕ್ರವಾರ ಗಾಡಿ ತಂದುಬಿಟ್ಟರು. ‘ಶುಕ್ರವಾರ ಬೀರು ಆಚೆ ಕಳಿಸ್ತಾರೇನೋ’ ಅಂತ ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಖಾಲಿ ಗಾಡಿಯ ಬಾಡಿಗೆ 400 ನಾನೇ ಕೊಟ್ಟೆ. ಶನಿವಾರ ಮತ್ತೆ ಬಂದರು.