ಫೋಟೊದಲ್ಲೇ ಉಣ್ಣೆ ಗುರುತಿಸುವ ಬಗೆ: ನನ್ನ ಅನುಭವ

ನಮ್ಮ ದಾವಣಗೆರೆಯಲ್ಲಿ ದಪ್ಪ ಸ್ವೆಟರ್ ಬೇಕಾಗುವಷ್ಟು ಚಳಿ ಬೀಳುವುದಿಲ್ಲ. ಆದರೆ ಇಲ್ಲಿಂದ ಓದಲಿಕ್ಕೆ ದೆಹಲಿಗೋ ಜರ್ಮನಿಗೋ ಹೊರಡುವ ಮಕ್ಕಳಿಗೆ ಅದು ಬೇಕೇ ಬೇಕು. ನಾನು ಬಳಸಿದ ಉಣ್ಣೆ ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಕೊಂಡು, ತೊಳೆದು, ತೂತು ಬಿದ್ದಲ್ಲಿ ಹೆಣೆದು ಅಂಥವರಿಗೆ ಮಾರುತ್ತೇನೆ. ಕೈಯಲ್ಲಿ ಮುಟ್ಟಿ ನೋಡುವ ಅವಕಾಶವಿಲ್ಲ. ಎಲ್ಲ ತೀರ್ಮಾನವೂ ಫೋಟೊ ಮೇಲೆಯೇ.

ಈಚೆಗೆ ಒಂದು ಬೂದು ಬಣ್ಣದ ಸ್ವೆಟರ್ ಕಂಡಿತು. ‘ಅಪ್ಪಟ ಕ್ಯಾಶ್ಮಿಯರ್’ ಅಂತ ಬರೆದಿದ್ದರು. ಮಗನನ್ನು ಜರ್ಮನಿಗೆ ಕಳಿಸುತ್ತಿದ್ದ ತಾಯಿಯೊಬ್ಬರು ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದರು. “ಕುತ್ತಿಗೆ ಹತ್ರ ಲೇಬಲ್ ಮೇಲೇನೇ ಕ್ಯಾಶ್ಮಿಯರ್ ಅಂತ ಐತಲ್ಲಕ್ಕ, ಇನ್ನೇನು ನೋಡ್ತೀರಿ?” ಅಂದರು.

ಕುತ್ತಿಗೆಯ ಲೇಬಲ್‌ನಲ್ಲಿ ಇರುವುದು ಹೆಸರು. ಯಾವ ನೂಲು ಶೇಕಡ ಎಷ್ಟು ಅನ್ನುವುದು ಸಾಮಾನ್ಯವಾಗಿ ಒಳಗೆ, ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸಿದ ಸಣ್ಣ ಬಿಳಿ ಪಟ್ಟಿಯಲ್ಲಿರುತ್ತದೆ. ಮಾರುವವರು ಅದರ ಫೋಟೊ ಹಾಕಿರಲಿಲ್ಲ. ಆ ಪಟ್ಟಿಯ ಎರಡೂ ಬದಿ, ಕಂಕುಳಿನ ಭಾಗ, ಕೈತುದಿ ಇಷ್ಟನ್ನು ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಹತ್ತಿರದಿಂದ ತೆಗೆದು ಕಳಿಸಿ ಅಂತ ಕೇಳಿದೆ. ಫ್ಲ್ಯಾಶ್ ಹಾಕಿದರೆ ನೂಲಿನ ಮೇಲಿನ ನವಿರು ಕಾಣುವುದೇ ಇಲ್ಲ.

ಉತ್ತರ ಬರುವ ತನಕ ಇದ್ದ ಫೋಟೊಗಳನ್ನೇ ದೊಡ್ಡದು ಮಾಡಿ ನೋಡಿದೆವು. ಕ್ಯಾಶ್ಮಿಯರ್ ಅಂದರೆ ಮೇಕೆಯ ಒಳಗೂದಲು. ಅಮೆರಿಕದ ಲೇಬಲ್ ಕಾನೂನಿನ ಪ್ರಕಾರ ಎಳೆಯ ಸರಾಸರಿ ದಪ್ಪ 19 ಮೈಕ್ರಾನ್ ಮೀರುವಂತಿಲ್ಲ. ನಮ್ಮ ಚಿತ್ರದುರ್ಗದ ಕಡೆಯ ಕಂಬಳಿಯಲ್ಲಿ ಒರಟು ಕೂದಲು ಒಂದೊಂದೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಕ್ಯಾಶ್ಮಿಯರ್‌ನಲ್ಲಿ ಹಾಗಲ್ಲ, ಇಡೀ ಮೈಮೇಲೆ ಒಂದೇ ಸಮನಾದ ಗಿಡ್ಡ ನವಿರು ಕವಿದು, ಹೆಣಿಗೆಯ ಕಣ್ಣುಗಳ ಅಂಚು ಮಸುಕಾಗಿರುತ್ತದೆ. ಈ ಸ್ವೆಟರ್‌ನ ಎದೆಯ ಮೇಲೆ ಉದ್ದನೆಯ ನವಿರು ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿತ್ತು. ಅದರಡಿ ಕಣ್ಣುಗಳು ಸ್ಪಷ್ಟವಾಗಿ ಮಿನುಗುತ್ತಿದ್ದವು. ಕಾರ್ಖಾನೆಯಲ್ಲಿ ಬ್ರಷ್ ಮಾಡಿ ಎಬ್ಬಿಸಿದ ಮೃದುತನ ಅದು. ಕೈತುದಿಯ ಪಟ್ಟಿ ಚಪ್ಪಟೆಯಾಗಿ ಬಾಯಿ ಬಿಟ್ಟುಕೊಂಡಿತ್ತು. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುವ ಕೃತಕ ನೂಲು, ಒಮ್ಮೆ ಬಿಸಿ ಇಸ್ತ್ರಿ ತಾಗಿದರೆ ಮತ್ತೆ ಕುಗ್ಗಿ ಬರುವುದಿಲ್ಲ. ಸಡಿಲಾದ ಉಣ್ಣೆಯ ಪಟ್ಟಿಯನ್ನಾದರೆ ನೆನೆಸಿ, ಕೂಡಿಸಿ ಒಣಗಿಸಿದಾಗ ಬಹುಮಟ್ಟಿಗೆ ಸರಿಹೋಗುತ್ತದೆ.

ಹೆಣಿಗೆ ಒಂದನ್ನೇ ನೆಚ್ಚಿ ತಳ್ಳಿಹಾಕಬಾರದು. ಮಷೀನ್‌ನಲ್ಲಿ ತೊಳೆಯಲು ಬರುವಂತೆ ಸಂಸ್ಕರಿಸಿದ ಅಪ್ಪಟ ಉಣ್ಣೆಯೂ ನವಿರಿಲ್ಲದೆ ನುಣ್ಣಗೆ ಕಾಣುತ್ತದೆ. ಅದಕ್ಕೇ ಗುಂಜಿನ ಉಂಡೆಗಳನ್ನು ನೋಡಬೇಕು. ಉಂಡೆ ಎದ್ದರೆ ನಕಲಿ ಅಂತ ಬಹಳ ಜನ ನಂಬಿದ್ದಾರೆ, ಅದು ತಪ್ಪು. ಕ್ಯಾಶ್ಮಿಯರ್ ಎಳೆ ಗಿಡ್ಡ, ಹಾಗಾಗಿ ಹೊಸದರಲ್ಲೇ ಕಂಕುಳು, ಪಕ್ಕೆಯಲ್ಲಿ ಉಂಡೆ ಏಳುತ್ತದೆ. ಆದರೆ ಎಳೆ ಅಷ್ಟು ಗಟ್ಟಿಯಲ್ಲದ್ದರಿಂದ ಉಂಡೆ ಮೆತ್ತಗಿದ್ದು ತಾನೇ ಕಳಚಿ ಬೀಳುತ್ತದೆ, ಬಾಚಿದರೂ ಸುಲಭವಾಗಿ ಬರುತ್ತದೆ. ಅಕ್ರಿಲಿಕ್, ಅದರಲ್ಲೂ ನೈಲಾನ್ ಬೆರೆತಿದ್ದರೆ, ಗಟ್ಟಿ ಎಳೆಗಳು ಉಂಡೆಯನ್ನು ಹಿಡಿದುಕೊಂಡೇ ಇರುತ್ತವೆ. ಅದು ಬಿಗಿಯಾಗಿ, ಬೇರೆ ಬಟ್ಟೆಗಳ ಬಣ್ಣದ ಗುಂಜನ್ನೂ ಸುತ್ತಿಕೊಂಡು ಕೂತಿರುತ್ತದೆ. ಕಂಕುಳಿನ ಫೋಟೊ ಬಂದಾಗ ಕಂಡದ್ದು ಅದೇ: ಬೂದು ಬಣ್ಣದ ನಡುವೆ ಕೆಂಪು, ನೀಲಿ ಗುಂಜು ಸೇರಿದ ಉಂಡೆಗಳು.

ಒಳಗಿನ ಬಿಳಿ ಪಟ್ಟಿಯಲ್ಲಿ 70% ಅಕ್ರಿಲಿಕ್, 20% ನೈಲಾನ್, 10% ಕ್ಯಾಶ್ಮಿಯರ್ ಅಂತಿತ್ತು. ಪಟ್ಟಿಯ ಬುಡ ಮೂಲ ಹೊಲಿಗೆಯ ಒಳಗೇ ಸಿಕ್ಕಿತ್ತು, ಅಕ್ಷರ ಬಟ್ಟೆಯಷ್ಟೇ ಮಾಸಿತ್ತು. ಹಳೆಯ ಸ್ವೆಟರ್‌ಗೆ ಹೊಚ್ಚಹೊಸ ಪಟ್ಟಿಯನ್ನು ಬೇರೆ ದಾರದಲ್ಲಿ ಮೇಲಿಂದ ಹೊಲಿದಿದ್ದರೆ ನಾನು ಅದನ್ನು ನಂಬುವುದಿಲ್ಲ.

ಪಟ್ಟಿಯನ್ನೇ ಕತ್ತರಿಸಿದ ಬಟ್ಟೆ ಬಂದರೆ ಒಳ ಹೊಲಿಗೆಯಿಂದ ಚೂರು ನೂಲು ತೆಗೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ವಾಸನೆಯೂ ಇದ್ದು ಮಣಿಯೂ ಉಳಿದರೆ ಬೆರಕೆ. ಆದರೆ ನಯವಾದ ಮೆರಿನೊ ಕುರಿ ಉಣ್ಣೆಯನ್ನೂ ಕ್ಯಾಶ್ಮಿಯರನ್ನೂ ಬೆಂಕಿ ಬೇರೆ ಮಾಡಿ ತೋರಿಸುವುದಿಲ್ಲ, ಫೋಟೊವಂತೂ ಇಲ್ಲವೇ ಇಲ್ಲ. ಅದಕ್ಕೆ ಸೂಕ್ಷ್ಮದರ್ಶಕದಲ್ಲಿ ಎಳೆಯ ಮೇಲಿನ ಹುರುಪೆ ನೋಡಬೇಕು. ಅಂಥದ್ದನ್ನು ನಾನು ‘ಉಣ್ಣೆ’ ಅಂತಷ್ಟೇ ಬರೆದು, ಉಣ್ಣೆಯ ಬೆಲೆಗೇ ಮಾರುತ್ತೇನೆ.

ಆ ಬೂದು ಸ್ವೆಟರನ್ನು ಅಕ್ರಿಲಿಕ್ ಬೆಲೆಗೆ ಕೇಳಿದೆ, ಕೊಟ್ಟರು. ಅದೇ ತಾಯಿ ಅದನ್ನೇ ತಗೊಂಡರು. ಹಾಸ್ಟೆಲ್ ಮಷೀನ್‌ಗೆ ಹಾಕಿದರೂ ಉಣ್ಣೆಯ ಹಾಗೆ ಕುಗ್ಗಿ ಗಟ್ಟಿಯಾಗುವ ಭಯವಿಲ್ಲ. ಒಳಗೆ ಹಾಕಿಕೊಳ್ಳಲು ತೆಳು ಉಣ್ಣೆಯ ಬನಿಯನ್ ಒಂದನ್ನು ಬೇರೆಯಾಗಿ ಹುಡುಕಿಕೊಟ್ಟೆ.